ಬಿಟ್ಟದ್ದೆಷ್ಟು, ತಪ್ಪಿದ್ದೆಷ್ಟು?

ಸಗಟು ವ್ಯಾಪಾರಿಗಳ ಮಾರಾಟದ ಬಿಲ್ಲುಗಳನ್ನು ಸ್ಕ್ಯಾನ್ ಮಾಡಿ ಕೊಟ್ಟರೆ, ಅದರಿಂದ ದಿನಾಂಕ, ಮೊತ್ತ, ಕೊಂಡವರ ಜಿಎಸ್‌ಟಿ ಸಂಖ್ಯೆಗಳನ್ನು ಹೆಕ್ಕಿ ಪಟ್ಟಿ ಮಾಡುವ ತಂತ್ರಾಂಶಗಳು ಈಗ ಆಡಿಟರ್ ಆಫೀಸುಗಳಿಗೂ ಬಂದಿವೆ. ಅದು ಎಷ್ಟು ಸರಿಯಾಗಿ ಹೆಕ್ಕುತ್ತದೆ? ಹತ್ತು ಸಾವಿರ ಬಿಲ್ಲನ್ನೂ ಕೂತು ತಾಳೆ ನೋಡುವುದಾದರೆ ತಂತ್ರಾಂಶವೇ ಬೇಕಿರಲಿಲ್ಲ. ಅದಕ್ಕೇ ಮಾದರಿ ತೆಗೆದು ನೋಡುತ್ತಾರೆ.

ಮೇಲಿನ ಕಟ್ಟಿನಿಂದ 200 ಬಿಲ್ಲು ಎತ್ತಿಕೊಂಡರೆ ಮಾದರಿಯಾಗದು. ಆ ಕಟ್ಟು ಒಂದೇ ಅಂಗಡಿಯದಾಗಿರಬಹುದು. ಇಡೀ ರಾಶಿಯಿಂದ ಚೀಟಿ ಎತ್ತಿದಂತೆ ಆರಿಸಬೇಕು. ಆರಿಸಿದ ಬಿಲ್ಲುಗಳನ್ನು ಓದಿ ಸರಿಯುತ್ತರ ಬರೆಯುವವರಿಗೆ ತಂತ್ರಾಂಶದ ಉತ್ತರ ತೋರಿಸಬಾರದು. ತೋರಿಸಿದರೆ ಕಣ್ಣು ಅದನ್ನೇ ಹಿಂಬಾಲಿಸುತ್ತದೆ.

ಈಗ ಒಂದು ಲೆಕ್ಕ ಹಿಡಿಯೋಣ. 200 ಬಿಲ್ಲುಗಳಲ್ಲಿ 160ರ ಮೇಲೆ ಕೊಂಡವರ ಜಿಎಸ್‌ಟಿ ಸಂಖ್ಯೆ ಇದೆ. ಉಳಿದ 40 ಸಾಮಾನ್ಯ ಗಿರಾಕಿಗಳದು, ಅವುಗಳಲ್ಲಿ ಆ ಜಾಗ ಖಾಲಿ. ಆ 160ರಲ್ಲಿ ತಂತ್ರಾಂಶ 141 ಸಂಖ್ಯೆಗಳನ್ನು ಸರಿಯಾಗಿ ಬರೆದಿದೆ, 6 ತಪ್ಪಾಗಿ ಬರೆದಿದೆ, 13 ಬಿಟ್ಟಿದೆ. ಸಾಲದ್ದಕ್ಕೆ, ಖಾಲಿ ಇದ್ದ 3 ಬಿಲ್ಲುಗಳಿಗೂ ಎಲ್ಲಿಂದಲೋ ಒಂದು ಸಂಖ್ಯೆ ತಂದು ತುಂಬಿದೆ.

ಅಂದರೆ ಕೊಟ್ಟ 150 ಉತ್ತರಗಳಲ್ಲಿ 141 ಸರಿ: ಶೇ. 94. ಸಿಗಬೇಕಿದ್ದ 160ರಲ್ಲಿ ಸಿಕ್ಕಿದ್ದು 141: ಶೇ. 88. ಮೊದಲನೆಯದು ಉತ್ತರವನ್ನು ಎಷ್ಟು ನಂಬಬಹುದು ಎನ್ನುತ್ತದೆ, ಎರಡನೆಯದು ಎಷ್ಟು ಕೈತಪ್ಪಿತು ಎನ್ನುತ್ತದೆ.

ಎರಡನ್ನೂ ಒಂದೇ ಅಂಕಿಯಲ್ಲಿ ಬೆರೆಸದಿರಲು ಕಾರಣವಿದೆ. ಬಿಟ್ಟುಹೋದದ್ದು ಪಟ್ಟಿಯಲ್ಲಿ ಖಾಲಿ ಮನೆಯಾಗಿ ಕಾಣುತ್ತದೆ, ಗುಮಾಸ್ತರು ತುಂಬಬಹುದು. ತಪ್ಪು ಸಂಖ್ಯೆ ಮಾತ್ರ ಸರಿಯಾದದ್ದರ ವೇಷದಲ್ಲೇ ಕೂತಿರುತ್ತದೆ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಗಳು. ಮೊದಲೆರಡು ರಾಜ್ಯದ ಗುರುತು (ಕರ್ನಾಟಕಕ್ಕೆ 29), ಕೊನೆಯದು ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಬರುವ ತಾಳೆ ಅಕ್ಷರ. 8 ಅನ್ನು 3 ಎಂದು ಓದಿದ್ದರೆ ಈ ತಾಳೆ ತಪ್ಪಿ ಸಿಕ್ಕಿಬೀಳುತ್ತದೆ. ಆದರೆ ಬಿಲ್ಲಿನ ಕೆಳಗೆ ಅಚ್ಚಾದ ಲಾರಿ ಟ್ರಾನ್ಸ್‌ಪೋರ್ಟಿನವರ ಸಂಖ್ಯೆಯನ್ನೇ ಕೊಂಡವರದೆಂದು ಎತ್ತಿಕೊಂಡಿದ್ದರೆ? ಅದೂ ಅಸಲಿ ಸಂಖ್ಯೆಯೇ, ತಾಳೆಯೂ ಸರಿ. ಅಂಥದ್ದು ಗೊತ್ತಾಗುವುದು ಬಿಲ್ಲನ್ನು ಕೈಯಲ್ಲಿ ಹಿಡಿದು ನೋಡಿದಾಗಲೇ.

ಎಣಿಸುವ ಮುನ್ನ ಯಾವುದು ತಪ್ಪು ಎಂಬುದನ್ನೂ ಗೊತ್ತುಮಾಡಿಕೊಂಡಿರಬೇಕು. 05/04/2024 ಮತ್ತು 5-4-2024 ಒಂದೇ ದಿನ. ಇದನ್ನು ತಪ್ಪೆಂದು ಎಣಿಸಿದರೆ ತಂತ್ರಾಂಶಕ್ಕೆ ಅನ್ಯಾಯ. ಅದನ್ನೇ ಮೇ 4 ಎಂದು ಓದಿದ್ದರೆ ನಿಜವಾದ ತಪ್ಪು.

ಇಷ್ಟಾದರೂ ಆ ಶೇ. 94 ಮಾದರಿಯ ಮಾತು. 150 ಉತ್ತರಗಳಿಂದ ಅಳೆದಾಗ ಇಡೀ ರಾಶಿಯ ನಿಜ ಸುಮಾರು 89ರಿಂದ 97ರ ನಡುವೆ ಎಲ್ಲಿಯೂ ಇರಬಹುದು. ಈ ಅಂತರವನ್ನು ಅರ್ಧಕ್ಕಿಳಿಸಲು ಮಾದರಿ ಎರಡರಷ್ಟಾದರೆ ಸಾಲದು, ನಾಲ್ಕರಷ್ಟಾಗಬೇಕು: 800 ಬಿಲ್ಲು.