ರೆಸ್ಯೂಮೆಯಲ್ಲೂ ಲೆಕ್ಕ ತಾಳೆಯಾಗಬೇಕು

"48 ಕೋಟಿ ಪ್ರಾಜೆಕ್ಟು, 70 ಸಾವಿರ ಚದರಡಿ. ಅಂದ್ರೆ ಚದರಡಿಗೆ ಹತ್ತಿರ ಹತ್ತಿರ ಏಳು ಸಾವಿರ ಆಯ್ತಲ್ರೀ, ಅಮೃತಶಿಲೆಯಲ್ಲಿ ಕಟ್ಟಿದ್ರಾ?"

ಸಂದರ್ಶನದಲ್ಲಿ ಹಿರಿಯ ಎಂಜಿನಿಯರ್ ಒಬ್ಬರು ನನ್ನ ರೆಸ್ಯೂಮೆ ಹಿಡಿದು ಹೀಗೆ ಕೇಳಿದಾಗ ಬೆವತುಹೋದೆ. ನಾನು ಸುಳ್ಳು ಬರೆದಿರಲಿಲ್ಲ. 48 ಕೋಟಿ ಅನ್ನೋದು ಬೆಂಗಳೂರಿನ ಆ ಅಪಾರ್ಟ್‌ಮೆಂಟಿನ ಮೂರೂ ಟವರ್‌ಗಳ ಗುತ್ತಿಗೆ ಮೊತ್ತ. ಚದರಡಿ ಮಾತ್ರ ನಾನು ನೋಡಿಕೊಂಡ ಒಂದೇ ಟವರಿನದು. ಎರಡೂ ನಿಜವೇ, ಜೊತೆಗಿಟ್ಟರೆ ಮಾತ್ರ ತಪ್ಪು.

ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು. "ಶೂನ್ಯ ಅಪಘಾತ ಅಂತ ಬರೆದಿದ್ದೀರಿ. 14 ತಿಂಗಳಲ್ಲಿ ಯಾರಿಗೂ ಏನೂ ಆಗ್ಲಿಲ್ವಾ?" ಐದನೇ ತಿಂಗಳ ಕೊನೆಯಲ್ಲಿ ಸೆಂಟ್ರಿಂಗ್ ಬಿಚ್ಚುವಾಗ ಹಲಗೆ ಬಿದ್ದು ಕಾಲ್ಬೆರಳು ಮುರಿದುಕೊಂಡ ಕಾರ್ಪೆಂಟರ್ ಕಣ್ಮುಂದೆ ಬಂದ. ಮೂರು ವಾರ ಕೆಲಸಕ್ಕೆ ಬಂದಿರಲಿಲ್ಲ. ಬಾಯಿ ಬರಲಿಲ್ಲ. ಆ ಕೆಲಸವೂ ಸಿಗಲಿಲ್ಲ.

ಮನೆಗೆ ಬಂದು ರೆಸ್ಯೂಮೆ ಮತ್ತೆ ಬರೆದೆ. ಮೊದಲು ರನ್ನಿಂಗ್ ಬಿಲ್‌ಗಳನ್ನು ನೋಡಿ ನನ್ನ ಟವರಿನ ಸಿವಿಲ್ ಕೆಲಸದ ಮೊತ್ತವನ್ನಷ್ಟೇ ಕೂಡಿದೆ: 14 ಕೋಟಿ. ವಿಸ್ತೀರ್ಣವನ್ನು ಮಾರಾಟದ ಬ್ರೋಷರಿನಿಂದ ತೆಗೆದುಕೊಳ್ಳಲಿಲ್ಲ, ಅದರಲ್ಲಿರೋದು ಸೂಪರ್ ಬಿಲ್ಟ್‌ಅಪ್. ಡ್ರಾಯಿಂಗ್ ಪ್ರಕಾರ ಸ್ಲ್ಯಾಬಿಗೆ 7 ಸಾವಿರದಂತೆ ಹತ್ತು ಸ್ಲ್ಯಾಬು, 70 ಸಾವಿರ ಚದರಡಿ. ಈಗ ಚದರಡಿಗೆ 2 ಸಾವಿರ ರೂಪಾಯಿ ಬೀಳುತ್ತದೆ, ಯಾರು ಭಾಗಿಸಿದರೂ ಅನುಮಾನ ಬರುವುದಿಲ್ಲ.

ಆಳುಗಳ ಲೆಕ್ಕಕ್ಕೆ ಹಾಜರಿ ಪುಸ್ತಕ ನೋಡಿದೆ. ಸ್ಲ್ಯಾಬ್ ಹಾಕುವ ದಿನ 110 ಜನ ಇರುತ್ತಿದ್ದರು, ಸರಾಸರಿ 65. ಮೊದಲು ಬರೀ 110 ಬರೆದಿದ್ದೆ, ಈಗ ಎರಡನ್ನೂ ಬರೆದೆ. ಯಾಕಂದ್ರೆ ಸುರಕ್ಷತೆಯ ಲೆಕ್ಕ ನಿಲ್ಲೋದು ಸರಾಸರಿಯ ಮೇಲೆ. 65 ಜನ, ದಿನಕ್ಕೆ 8 ಗಂಟೆ, ತಿಂಗಳಿಗೆ 26 ದಿನ, 14 ತಿಂಗಳು: ಓವರ್‌ಟೈಮ್ ಬಿಟ್ಟು ಸುಮಾರು 1.89 ಲಕ್ಷ ಮಾನವ ಗಂಟೆ.

ಕಡೆಗೆ ಆ ಸಾಲು ಹೀಗಾಯಿತು: "ಒಂದು ಟವರ್, ಸಿವಿಲ್ ಕೆಲಸ 14 ಕೋಟಿ ರೂಪಾಯಿ, 70,000 ಚದರಡಿ ಬಿಲ್ಟ್‌ಅಪ್, ಸರಾಸರಿ 65 ಮತ್ತು ಗರಿಷ್ಠ 110 ಕಾರ್ಮಿಕರು. 1.89 ಲಕ್ಷ ಮಾನವ ಗಂಟೆಗಳಲ್ಲಿ ಕೆಲಸ ತಪ್ಪಿದ ಗಾಯ ಒಂದು. ನಂತರದ 9 ತಿಂಗಳು, ಸುಮಾರು 1.2 ಲಕ್ಷ ಗಂಟೆ, ಒಂದೂ ಇಲ್ಲ."

ಮುಂದಿನ ಸಂದರ್ಶನದಲ್ಲಿ ಆ ಒಂದು ಗಾಯದ ಬಗ್ಗೆಯೇ ಕೇಳಿದರು: "ಆಮೇಲೆ ಏನ್ ಬದಲಾಯಿಸಿದ್ರಿ?" ಸೆಂಟ್ರಿಂಗ್ ಬಿಚ್ಚುವ ಜಾಗದ ಸುತ್ತ ಟೇಪ್ ಕಟ್ಟಿ ಕೆಳಗೆ ಯಾರೂ ಓಡಾಡದಂತೆ ಮಾಡಿದ್ದು, ಸೇಫ್ಟಿ ಶೂ ಇಲ್ಲದವರನ್ನು ಗೇಟಿನಲ್ಲೇ ನಿಲ್ಲಿಸಿದ್ದು, ಹಲಗೆ ಎಸೆಯದೆ ಕೈಯಿಂದ ಕೈಗೆ ಇಳಿಸಿದ್ದು, ಎಲ್ಲ ಹೇಳಿದೆ. ಈ ಸಲ ಬಾಯಿ ಕಟ್ಟಲಿಲ್ಲ. ನಡೆದದ್ದನ್ನೇ ಬರೆದಿದ್ದೆನಲ್ಲ!