ಪೆನ್ಸಿಲ್ವೇನಿಯಾ ಹೇಳಿದ ಸಾಕ್ಷ್ಯ

1992ರ ಏಪ್ರಿಲ್ 1ರಂದು ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಕನಿಷ್ಠ ಕೂಲಿ ಗಂಟೆಗೆ 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಅದು 4.25ರಲ್ಲೇ ನಿಂತಿತ್ತು. ಕೂಲಿ ಏರಿಸಿದರೆ ಮಾಲೀಕರು ಆಳುಗಳನ್ನು ಕಡಿಮೆ ಮಾಡುತ್ತಾರೆ ಎಂಬುದು ಅರ್ಥಶಾಸ್ತ್ರದ ಪಠ್ಯಪುಸ್ತಕಗಳ ಹಳೆಯ ಮಾತು. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅದನ್ನು ಲೆಕ್ಕ ಹಾಕಿಯೇ ನೋಡಲು ಹೊರಟರು. ಗಡಿಯ ಎರಡೂ ಬದಿಯ 410 ಫಾಸ್ಟ್‌ಫುಡ್ ಅಂಗಡಿಗಳಿಗೆ ಕೂಲಿ ಏರುವ ಮುಂಚೆ ಒಂದು ಸಲ, ಏಳೆಂಟು ತಿಂಗಳ ನಂತರ ಇನ್ನೊಂದು ಸಲ ಕೇಳಿದರು: ನಿಮ್ಮಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ?

ಅರೆಕಾಲಿಕ ನೌಕರನನ್ನು ಅರ್ಧ ಎಂದು ಎಣಿಸಿದಾಗ, ನ್ಯೂಜೆರ್ಸಿಯ ಅಂಗಡಿಯೊಂದರಲ್ಲಿ ಮೊದಲು ಸರಾಸರಿ 20.44 ಮಂದಿ ಇದ್ದರು, ನಂತರ 21.03. ಏರಿಕೆ 0.59. ಇಷ್ಟನ್ನೇ ನೋಡಿದವರು ಕೂಲಿ ಏರಿಕೆಯಿಂದ ಹೆಚ್ಚೇನೂ ಆಗಲಿಲ್ಲ ಎಂದಾರು. ಆದರೆ ಆ ಎಂಟು ತಿಂಗಳಲ್ಲಿ ಬದಲಾದದ್ದು ಕೂಲಿಯೊಂದೇ ಅಲ್ಲ. ವ್ಯಾಪಾರ ಕುಸಿದಿರಬಹುದು, ಗಿರಾಕಿಗಳು ಕಡಿಮೆಯಾಗಿರಬಹುದು. ಪೆನ್ಸಿಲ್ವೇನಿಯಾ ಬೇಕಾಗುವುದು ಇಲ್ಲಿಯೇ. ಕೂಲಿ ಬದಲಾಗದ ಅಲ್ಲಿ ಸರಾಸರಿ 23.33ರಿಂದ 21.17ಕ್ಕೆ, ಅಂದರೆ 2.16ರಷ್ಟು ಇಳಿದಿತ್ತು. ಆ ಇಳಿಕೆ ನ್ಯೂಜೆರ್ಸಿಗೂ ಬರಬೇಕಿತ್ತು, ಬರಲಿಲ್ಲ ಎಂದುಕೊಂಡರೆ, 0.59ರಿಂದ ಋಣ 2.16ನ್ನು ಕಳೆದಾಗ ಸಿಗುವ ಸುಮಾರು 2.75 ಕೂಲಿ ಏರಿಕೆಯ ಪರಿಣಾಮ. (ಪ್ರಬಂಧದ ಕೋಷ್ಟಕದಲ್ಲಿ 2.76 ಎಂದಿದೆ; ದಶಮಾಂಶಗಳನ್ನು ಮೊಟಕುಗೊಳಿಸಿದ ವ್ಯತ್ಯಾಸ ಅಷ್ಟೇ.) ಒಂದು ವ್ಯತ್ಯಾಸದಿಂದ ಇನ್ನೊಂದನ್ನು ಕಳೆಯುವುದರಿಂದಲೇ ಇದಕ್ಕೆ ‘ಡಿಫರೆನ್ಸ್ ಇನ್ ಡಿಫರೆನ್ಸಸ್’, ಕನ್ನಡದಲ್ಲಿ ವ್ಯತ್ಯಾಸಗಳ ವ್ಯತ್ಯಾಸ, ಎಂದು ಹೆಸರು.

ಕೋಷ್ಟಕದಲ್ಲಿ ಆ ಸಂಖ್ಯೆಯ ಕೆಳಗೆ ಆವರಣದೊಳಗೆ 1.36 ಎಂದಿದೆ. ಅದು ಪ್ರಮಾಣಿತ ದೋಷ. ಬೇರೆ 410 ಅಂಗಡಿಗಳನ್ನು ಆರಿಸಿದ್ದರೆ ಉತ್ತರ ಎಷ್ಟು ಅಲುಗಾಡಬಹುದಿತ್ತು ಎಂಬುದರ ಅಳತೆ. ಅದರ ಸುಮಾರು ಎರಡು ಪಟ್ಟನ್ನು ಎರಡೂ ಕಡೆ ಕೊಟ್ಟರೆ, ಪರಿಣಾಮ ಸೊನ್ನೆಗಿಂತ ತುಸು ಮೇಲಿನಿಂದ ಐದು ಚಿಲ್ಲರೆಯವರೆಗೆ ಎಲ್ಲಿಯಾದರೂ ಇರಬಹುದು. ಬಹಳ ಅಗಲವಾದ ಬಲೆ ಅದು. ಉದ್ಯೋಗ ಕುಸಿಯಲಿಲ್ಲ ಎಂದು ಹೇಳಲು ಸಾಕು. ಅಂಗಡಿಗೆ ಸರಿಯಾಗಿ ಮೂರು ಜನ ಹೆಚ್ಚಿದರು ಎನ್ನಲು ಸಾಲದು.

ಇನ್ನು ಮುಖ್ಯವಾದ ಮಾತು. ಪೆನ್ಸಿಲ್ವೇನಿಯಾದ ಅಂಗಡಿಗಳಲ್ಲಿ ಮೊದಲಿಂದಲೇ ಮೂರು ಜನ ಹೆಚ್ಚಿದ್ದರಲ್ಲ, ಹೋಲಿಕೆ ಸರಿಯೇ ಎಂದು ಕೇಳಬಹುದು. ಅದು ತೊಂದರೆಯಲ್ಲ. ಈ ವಿಧಾನಕ್ಕೆ ಎರಡೂ ಕಡೆಯ ಮಟ್ಟ ಒಂದೇ ಇರಬೇಕಿಲ್ಲ; ಕೂಲಿ ಏರದೇ ಇದ್ದಿದ್ದರೆ ಎರಡೂ ಒಂದೇ ಪ್ರಮಾಣದಲ್ಲಿ ಏರುತ್ತಿದ್ದವು ಅಥವಾ ಇಳಿಯುತ್ತಿದ್ದವು ಎಂದಾದರೆ ಸಾಕು. ಇದೇ ಸಮಾಂತರ ಪ್ರವೃತ್ತಿಯ ಊಹೆ. ಊಹೆ ಎಂದೇ ಕರೆಯಬೇಕು, ಏಕೆಂದರೆ ಕೂಲಿ ಏರದ 1992ರ ನ್ಯೂಜೆರ್ಸಿಯನ್ನು ಯಾರೂ ಕಂಡಿಲ್ಲ, ಕಾಣುವಂತೆಯೂ ಇಲ್ಲ. 2.76ರ ಬಹುಪಾಲು ಬಂದಿರುವುದು ನ್ಯೂಜೆರ್ಸಿಯ ಏರಿಕೆಯಿಂದಲ್ಲ, ಪೆನ್ಸಿಲ್ವೇನಿಯಾದ ಇಳಿಕೆಯಿಂದ. ಆ ಇಳಿಕೆಗೆ ಅಲ್ಲಿಯದೇ ಆದ ಕಾರಣವಿದ್ದರೆ ಲೆಕ್ಕವೆಲ್ಲ ತಲೆಕೆಳಗು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಸಂಶೋಧಕರು ಸಾಮಾನ್ಯವಾಗಿ ನೀತಿ ಬರುವ ಮುಂಚಿನ ಹಲವು ವರ್ಷಗಳ ರೇಖೆಗಳನ್ನು ಪಕ್ಕಪಕ್ಕದಲ್ಲಿ ಎಳೆದು, ಜೊತೆಯಾಗಿ ಸಾಗಿವೆಯೇ ಎಂದು ನೋಡುತ್ತಾರೆ. ಜೊತೆಯಾಗಿದ್ದರೆ ಭರವಸೆ ಹೆಚ್ಚುತ್ತದೆ, ರುಜುವಾತಾಗುವುದಿಲ್ಲ. ಕಾರ್ಡ್ ಮತ್ತು ಕ್ರೂಗರ್ ಬಳಿ ಮುಂಚಿನದೊಂದು, ನಂತರದ್ದೊಂದು ಸಮೀಕ್ಷೆ ಮಾತ್ರ ಇತ್ತು. ಒಂದೇ ಚುಕ್ಕೆಯಿಂದ ಹಿಂದಿನ ರೇಖೆ ಎಳೆಯಲಾಗದು. ಅವರು ಹಿಡಿದ ದಾರಿ ಬೇರೆ. ನ್ಯೂಜೆರ್ಸಿಯೊಳಗೇ ಕೆಲವು ಅಂಗಡಿಗಳು ಮೊದಲಿನಿಂದ 5 ಡಾಲರ್ ಅಥವಾ ಹೆಚ್ಚು ಕೊಡುತ್ತಿದ್ದವು. ಕಾನೂನು ಅವುಗಳನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಅವುಗಳಲ್ಲಿ ನೌಕರರ ಸರಾಸರಿ 2.04 ಇಳಿದಿತ್ತು, ಪೆನ್ಸಿಲ್ವೇನಿಯಾದ 2.16ಕ್ಕೆ ಬಹಳ ಹತ್ತಿರ. 4.25 ಕೊಡುತ್ತಿದ್ದ ಅಂಗಡಿಗಳಲ್ಲಿ ಮಾತ್ರ 1.32 ಏರಿತ್ತು. ಪ್ರಬಂಧದಲ್ಲಿ ಅತಿ ಗಟ್ಟಿಯಾದ ಸಾಲು ಇದೇ ಎನ್ನಬೇಕು. ಗಡಿಯಾಚೆಗಿನ ಸಾಕ್ಷಿ ಹೇಳಿದ್ದನ್ನೇ ಮನೆಯೊಳಗಿನ ಸಾಕ್ಷಿಯೂ ಹೇಳಿತು.

ಆದರೂ ಸಂದೇಹ ಪೂರ್ತಿ ಹೋಗಲಿಲ್ಲ. ಕಾನೂನು 1990ರಲ್ಲೇ ಅಂಗೀಕಾರವಾಗಿದ್ದರಿಂದ ಮಾಲೀಕರು ಮೊದಲೇ ತಯಾರಾಗಿರಬಹುದಿತ್ತು. ಹಾಗಿದ್ದರೆ ‘ಮುಂಚಿನ’ ಸಮೀಕ್ಷೆ ನಿಜವಾಗಿ ಮುಂಚಿನದಲ್ಲ. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಶರ್ ಅಂಗಡಿಗಳ ಸಂಬಳದ ದಾಖಲೆ ತರಿಸಿ ಬೇರೆಯೇ ಉತ್ತರ ಪಡೆದರು. ಅದಕ್ಕೆ ಉತ್ತರವಾಗಿ 2000ದಲ್ಲಿ ಕಾರ್ಡ್ ಮತ್ತು ಕ್ರೂಗರ್ ಸರ್ಕಾರಿ ದಾಖಲೆಗಳಿಂದ ಹಲವು ವರ್ಷಗಳ ಉದ್ಯೋಗ ರೇಖೆಗಳನ್ನು ಎಳೆದು ತೋರಿಸಿದರು. 1992ರ ಏಪ್ರಿಲ್ ಆಸುಪಾಸಿನಲ್ಲಿ ನ್ಯೂಜೆರ್ಸಿಯಲ್ಲಿ ಕುಸಿತವೇನೂ ಕಾಣಲಿಲ್ಲ. ಆದರೆ ಅದೇ ಚಿತ್ರ ಇನ್ನೊಂದನ್ನೂ ಬಯಲು ಮಾಡಿತು: 1991ರ ಕೊನೆಗೆ ಒಂದೇ ಮಟ್ಟದಲ್ಲಿದ್ದ ಎರಡು ರಾಜ್ಯಗಳಲ್ಲಿ, ಮುಂದಿನ ಮೂರು ವರ್ಷ ಪೆನ್ಸಿಲ್ವೇನಿಯಾ ನ್ಯೂಜೆರ್ಸಿಗಿಂತ ಕೆಳಗೆ ಸರಿಯುತ್ತಲೇ ಹೋಗಿತ್ತು. 1996ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಕೂಲಿಯನ್ನು 4.75ಕ್ಕೆ ಏರಿಸಿದಾಗ ಪಾತ್ರಗಳು ಅದಲುಬದಲಾದವು. ಏರಿಕೆ ಬಿದ್ದದ್ದು ಪೆನ್ಸಿಲ್ವೇನಿಯಾದ ಮೇಲೆ, ಆಗಲೇ 5.05ರಲ್ಲಿದ್ದ ನ್ಯೂಜೆರ್ಸಿ ಹೋಲಿಕೆಯ ರಾಜ್ಯವಾಯಿತು. ಅಷ್ಟು ಹೊತ್ತಿಗೆ ಎರಡು ರೇಖೆಗಳ ನಡುವಿನ ಅಂತರ ಬಹುಪಾಲು ಬೆಳೆದು ಮುಗಿದಿತ್ತು.