ವಾಪಸ್ ಕಳಿಸಿದ ಮಿಕ್ಸಿ, ವಾಪಸ್ ಬರಬೇಕಾದ ಹಣ

ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಹಿಂದಿರುಗಿಸಿದ ಮೇಲೆ ಜಗಳ ಏಳುವುದು ಹೆಚ್ಚಾಗಿ ಎರಡು ಮಾತಿನ ಮೇಲೆ. ಒಂದು, ‘ನಿಮ್ಮ ಪಾರ್ಸೆಲ್ ನಮಗೆ ಬಂದೇ ಇಲ್ಲ.’ ಇನ್ನೊಂದು, ‘ಬಂದಿದೆ, ಆದರೆ ಒಳಗೆ ನಾವು ಮಾರಿದ ವಸ್ತು ಇರಲಿಲ್ಲ.’ ಈ ಎರಡಕ್ಕೂ ಉತ್ತರವನ್ನು ವಸ್ತು ಮನೆಯಲ್ಲಿರುವಾಗಲೇ ಸಿದ್ಧ ಮಾಡಿಕೊಳ್ಳಬೇಕು. ಅದು ಕೈಬಿಟ್ಟ ಮೇಲೆ ಎಷ್ಟು ಸಲ ಫೋನ್ ಮಾಡಿದರೂ ನಮ್ಮ ಬಳಿ ತೋರಿಸಲು ಏನೂ ಇರುವುದಿಲ್ಲ.

ಹಾಸನದ ಒಂದು ಮನೆಗೆ 4,200 ರೂಪಾಯಿಯ ಮಿಕ್ಸಿ ಬಂದಿದೆ ಎಂದುಕೊಳ್ಳೋಣ. ಡೆಬಿಟ್ ಕಾರ್ಡ್‌ನಲ್ಲಿ ದುಡ್ಡು ಕಟ್ಟಿದ್ದಾಗಿದೆ. ದೊಡ್ಡ ಜಾರ್‌ನ ತಳದಿಂದ ನೀರು ಸೋರುತ್ತಿದೆ. ಮೊದಲ ಕೆಲಸ, ಆ ಸೋರಿಕೆಯನ್ನೇ ಫೋನಿನಲ್ಲಿ ಚಿತ್ರೀಕರಿಸುವುದು: ಜಾರ್‌ಗೆ ಬರೀ ನೀರು ಹಾಕಿ, ಕೆಳಗೆ ಒಣ ಬಟ್ಟೆ ಹಾಸಿ, ಬಟ್ಟೆ ಒದ್ದೆಯಾಗುವುದನ್ನು ತೋರಿಸಿದರೆ ಸಾಕು. ಮಸಾಲೆ ರುಬ್ಬಿ ಪರೀಕ್ಷಿಸಲು ಹೋಗಬೇಡಿ. ಅರಿಸಿನದ ಕಲೆ ಕಂಡರೆ ‘ಬಳಸಿದ ವಸ್ತು’ ಎಂದು ತಿರಸ್ಕರಿಸಲು ಅದೇ ನೆಪವಾಗುತ್ತದೆ.

ಆ್ಯಪ್‌ನಲ್ಲಿ ಕಾರಣ ಆರಿಸುವಾಗ ಬೇಗ ಮುಗಿಯಲಿ ಎಂದು ‘ಇಷ್ಟವಾಗಲಿಲ್ಲ’ ಎಂಬುದನ್ನು ಒತ್ತುವವರು ಬಹಳ. ಇದು ದೊಡ್ಡ ತಪ್ಪು. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ, ನಕಲಿಯಾದ ಅಥವಾ ಜಾಹೀರಾತಿನಲ್ಲಿ ಹೇಳಿದಂತಿಲ್ಲದ ವಸ್ತುವನ್ನು ವಾಪಸ್ ತೆಗೆದುಕೊಳ್ಳಲು ಮಾರಾಟಗಾರ ನಿರಾಕರಿಸುವಂತಿಲ್ಲ. ಮನಸ್ಸಿಗೆ ಬಾರದ ವಸ್ತುವಿಗೆ ಆ ರಕ್ಷಣೆ ಇಲ್ಲ. ಅಲ್ಲಿ ಕಂಪನಿ ತಾನೇ ಬರೆದುಕೊಂಡ ನೀತಿಯದೇ ಮಾತು. ಸೋರುವ ಜಾರ್ ದೋಷವೇ, ಹಾಗೆಂದೇ ದಾಖಲಿಸಿ.

ಇನ್ನು ಪ್ಯಾಕಿಂಗ್. ಮಿಕ್ಸಿಯನ್ನು ತಲೆಕೆಳಗು ಮಾಡಿದರೆ ತಳದಲ್ಲಿ ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆಯ ಪಟ್ಟಿ ಇರುತ್ತದೆ. ಅದರ ಸ್ಪಷ್ಟ ಫೋಟೊ, ಬಿಲ್ ಜೊತೆಗೆ, ಬೇಕೇ ಬೇಕು. ‘ಬೇರೆ ವಸ್ತು ಬಂದಿದೆ’ ಎಂಬ ಆರೋಪಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಇಲ್ಲ. ಮೊಬೈಲ್ ಆದರೆ ಐಎಂಇಐ ಸಂಖ್ಯೆಯ ಫೋಟೊ ತೆಗೆಯಬೇಕು, ಸಿಮ್ ತೆಗೆದಿಡಬೇಕು, ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಹೊರಬಂದು ಫೋನನ್ನು ರೀಸೆಟ್ ಮಾಡಬೇಕು. ಖಾತೆ ಲಾಕ್ ಆಗಿಯೇ ಉಳಿದ ಫೋನನ್ನು ತಪಾಸಣೆಯಲ್ಲಿ ಒಪ್ಪುವುದಿಲ್ಲ.

ಜಾರ್, ಮುಚ್ಚಳ, ವಾರಂಟಿ ಕಾರ್ಡ್, ಚಮಚದಂಥ ಸಣ್ಣ ಸಾಮಾನು ಎಲ್ಲವನ್ನೂ ಬಂದ ಥರ್ಮಾಕೋಲ್ ಅಚ್ಚಿನಲ್ಲೇ ಕೂರಿಸಿ, ನಡುವೆ ನಿಲ್ಲಿಸದೆ ಒಂದೇ ವಿಡಿಯೊ ಮಾಡಿ. ಆದರೆ ಬಾಕ್ಸನ್ನು ಆಗಲೇ ಟೇಪ್ ಹಾಕಿ ಮುಚ್ಚಬೇಡಿ. ಪಿಕಪ್‌ಗೆ ಬರುವವರು ಬಾಗಿಲಲ್ಲೇ ಬ್ರ್ಯಾಂಡ್, ಬಣ್ಣ, ಸಾಮಾನುಗಳನ್ನು ಹೋಲಿಸಿ ನೋಡಿ, ತಮ್ಮ ಆ್ಯಪ್‌ನಲ್ಲಿ ಫೋಟೊ ತೆಗೆದುಕೊಳ್ಳುವುದು ಈಗ ಸಾಮಾನ್ಯ ಪದ್ಧತಿ. ಅವರು ನೋಡಿದ ಮೇಲೆ, ಅವರ ಎದುರಿಗೇ ಟೇಪ್ ಹಚ್ಚುವುದು ಒಳ್ಳೆಯದು. ಬಾಕ್ಸ್ ಮೇಲಿರುವ ಹಳೆಯ ಬಾರ್‌ಕೋಡ್ ಚೀಟಿಯನ್ನು ಕಿತ್ತು ಹಾಕಿ ಅಥವಾ ಗಟ್ಟಿಯಾಗಿ ಮುಚ್ಚಿ. ಇಲ್ಲದಿದ್ದರೆ ಹಬ್‌ನಲ್ಲಿ ಹಳೆಯದೇ ಸ್ಕ್ಯಾನ್ ಆಗಿ ಪಾರ್ಸೆಲ್ ಎಲ್ಲೋ ಸುತ್ತುತ್ತದೆ.

ಇಡೀ ಪ್ರಕ್ರಿಯೆಯಲ್ಲಿ ನನಗೆ ಅತಿ ಅಪಾಯದ ಗಳಿಗೆ ಎನಿಸುವುದು ಇದಾದ ಮೇಲಿನ ಎರಡು ನಿಮಿಷ. ಪಿಕಪ್ ಹುಡುಗ ಹೇಳುತ್ತಾನೆ: “ಅಕ್ಕಾ, ಇಲ್ಲಿ ನೆಟ್‌ವರ್ಕ್ ಸಿಗ್ತಿಲ್ಲ. ಕೊಟ್ಟುಬಿಡಿ, ಹಬ್‌ಗೆ ಹೋಗಿ ಸ್ಕ್ಯಾನ್ ಮಾಡ್ತೀನಿ.” ಅವನಿಗೆ ಇನ್ನೂ ಎಷ್ಟೋ ಮನೆ ಸುತ್ತುವುದಿರುತ್ತದೆ, ಮೋಸದ ಉದ್ದೇಶ ಇರಬೇಕೆಂದೇನಿಲ್ಲ. ಆದರೂ ಸ್ಕ್ಯಾನ್ ಆಗದ ಪಾರ್ಸೆಲ್ ಕಂಪನಿಯ ಲೆಕ್ಕದಲ್ಲಿ ನಿಮ್ಮ ಮನೆಯಲ್ಲೇ ಇದೆ. “ಗೇಟ್ ಹತ್ರ ಸಿಗ್ನಲ್ ಬರುತ್ತೆ, ಬಾಪ್ಪಾ, ಅಲ್ಲೇ ಮಾಡೋಣ” ಎಂದು ಅವನ ಜೊತೆ ಹೋಗಿ. ಅವನ ಫೋನಿನಲ್ಲಿ ಸ್ಕ್ಯಾನ್ ಮುಗಿದ ಮೇಲೆಯೇ ನಿಮ್ಮ ಒಟಿಪಿ ಹೇಳಿ, ಮುಂಚೆ ಬೇಡ. ಆ್ಯಪ್‌ನಲ್ಲಿ Picked Up ಎಂದು ಬಂದದ್ದರ ಸ್ಕ್ರೀನ್‌ಶಾಟ್, ದಿನಾಂಕ ಮತ್ತು ಸಮಯ ಕಾಣುವಂತೆ, ಉಳಿಸಿಕೊಳ್ಳಿ. ಪಾರ್ಸೆಲ್ ಮೇಲೆ ಅಂಟಿಸಿದ ಹೊಸ ಚೀಟಿಯ ಫೋಟೊ ಇನ್ನೂ ಮುಖ್ಯ. ಅದರಲ್ಲಿರುವ ಎಡಬ್ಲ್ಯೂಬಿ ಸಂಖ್ಯೆ ವಾಪಸ್ ಪ್ರಯಾಣದ್ದು, ನಿಮಗೆ ವಸ್ತು ಬಂದಾಗಿನ ಸಂಖ್ಯೆಯೇ ಬೇರೆ. ಹಳೆಯ ಸಂಖ್ಯೆ ಹಾಕಿ ಹುಡುಕಿದರೆ ಅದು ‘ತಲುಪಿಸಲಾಗಿದೆ’ ಎಂದೇ ತೋರಿಸುತ್ತದೆ, ನೀವು ವೃಥಾ ಗಾಬರಿಯಾಗುತ್ತೀರಿ.

ಯಾರೂ ಬಾರದೆಯೇ ‘ಗ್ರಾಹಕರು ಮನೆಯಲ್ಲಿರಲಿಲ್ಲ’ ಎಂಬ ಸಂದೇಶ ಬರುವುದೂ ಉಂಟು. ಅದರ ಸ್ಕ್ರೀನ್‌ಶಾಟ್ ತೆಗೆದು, ಆ ದಿನ ಯಾವ ಕರೆಯೂ ಬಂದಿಲ್ಲವೆಂಬ ಕಾಲ್ ಲಾಗ್ ಸೇರಿಸಿ, ಅದೇ ದಿನ ಚಾಟ್ ಅಥವಾ ಇಮೇಲ್‌ನಲ್ಲಿ ತಿಳಿಸಿ. ವಾಪಸ್ ಅವಧಿ ಮುಗಿದುಹೋದರೆ ತಡವಾದದ್ದು ಯಾರಿಂದ ಎಂದು ತೋರಿಸಲು ಅದು ಬೇಕು. ನಿಮ್ಮ ಪಿನ್‌ಕೋಡ್‌ಗೆ ಪಿಕಪ್ ಸೌಲಭ್ಯವೇ ಇಲ್ಲದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬಹುದು. ರಸೀದಿಯಲ್ಲಿ ತೂಕವೂ ನಮೂದಾಗುವುದರಿಂದ ‘ಖಾಲಿ ಬಾಕ್ಸ್ ಬಂತು’ ಎನ್ನುವವರಿಗೆ ಅದನ್ನೇ ತೋರಿಸಬಹುದು. ಅಂಚೆ ಖರ್ಚು ಎಷ್ಟರವರೆಗೆ ಕೊಡುತ್ತಾರೆಂಬುದನ್ನು ಮಾತ್ರ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಈಗ ಹಣದ ಲೆಕ್ಕ. ಹಾಸನದ ಮಿಕ್ಸಿ ಬುಧವಾರ ಮನೆ ಬಿಟ್ಟಿತು. ಮುಂದಿನ ಸೋಮವಾರ ಗೋದಾಮು ಸೇರಿತು. ಮಂಗಳವಾರ ತಪಾಸಣೆ ಮುಗಿದು ಆ್ಯಪ್‌ನಲ್ಲಿ Refund Initiated ಎಂದು ಬಂತು. ಇದನ್ನು ಓದಿ ಹಣ ಖಾತೆಗೆ ಬಿತ್ತೆಂದು ತಿಳಿಯುವವರಿದ್ದಾರೆ. ಅದರ ಅರ್ಥ, ಹಣ ಕಳಿಸಲು ಕಂಪನಿ ಸೂಚನೆ ಕೊಟ್ಟಿದೆ ಎಂದಷ್ಟೇ. ಕಾರ್ಡ್‌ಗೆ ಐದರಿಂದ ಏಳು ಕೆಲಸದ ದಿನ ಎಂದು ಬರೆದಿದ್ದರೆ, ಶನಿವಾರ ಭಾನುವಾರ ಬಿಟ್ಟು ಬುಧವಾರದಿಂದ ಎಣಿಸಿ. ಏಳನೆಯ ದಿನ ಬರುವುದು ಅದರ ಮುಂದಿನ ವಾರದ ಗುರುವಾರ. ಅಂದರೆ ಮಿಕ್ಸಿ ಕೈಬಿಟ್ಟ ಹದಿನೈದನೆಯ ದಿನ. ಯಾವ ಗೋಲ್‌ಮಾಲೂ ಇಲ್ಲದೆ ಇಷ್ಟು ಸಮಯ ಹಿಡಿಯಬಹುದು. ಯುಪಿಐ ಮೂಲಕ ಕಟ್ಟಿದ್ದರೆ ಸಾಮಾನ್ಯವಾಗಿ ಇದಕ್ಕಿಂತ ಬೇಗ ಬರುತ್ತದೆ.

ಗುರುವಾರವೂ ಬಾರದಿದ್ದರೆ ‘ನನ್ನ ಹಣ ಎಲ್ಲಿ’ ಎಂದು ಕೇಳುವ ಬದಲು ‘ಎಆರ್‌ಎನ್ ಕೊಡಿ’ ಎಂದು ಕೇಳಿ. ಕಾರ್ಡ್ ಮರುಪಾವತಿಗೆ ಸಿಗುವ 23 ಅಂಕಿಯ ಗುರುತು ಅದು. ಯುಪಿಐ ಆದರೆ 12 ಅಂಕಿಯ ಆರ್‌ಆರ್‌ಎನ್, ಜನ ಯುಟಿಆರ್ ಎಂದೂ ಕರೆಯುತ್ತಾರೆ. ಸಂಖ್ಯೆ ಕೊಟ್ಟರೆಂದರೆ ಹಣ ಅವರ ಕೈದಾಟಿದೆ, ಅದನ್ನು ಹಿಡಿದು ನಿಮ್ಮ ಬ್ಯಾಂಕಿಗೆ ಹೋಗಿ. ವಾರ ಕಳೆದರೂ ಸಂಖ್ಯೆ ಕೊಡದೆ ‘ಬ್ಯಾಂಕಿನಲ್ಲಿ ಕೇಳಿ’ ಎನ್ನುತ್ತಿದ್ದರೆ ಹಣ ಹೊರಟೇ ಇಲ್ಲವೆಂದು ಸಂಶಯಪಡಲು ಕಾರಣವಿದೆ. ದಿನಕ್ಕೆ ನೂರು ರೂಪಾಯಿ ಪರಿಹಾರ ಸಿಗುತ್ತದೆ ಎಂದು ಕೇಳಿರಬಹುದು. ರಿಸರ್ವ್ ಬ್ಯಾಂಕಿನ 2019ರ ಆ ಆದೇಶ ವಿಫಲವಾದ ವಹಿವಾಟುಗಳಿಗೆ, ವಾಪಸ್ ಕಳಿಸಿದ ವಸ್ತುವಿನ ಹಣಕ್ಕೆ ಅಲ್ಲ.

ಈ ಕಾಯುವ ದಿನಗಳಲ್ಲಿ ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್ ನಂಬರ್’ ಹುಡುಕಬೇಡಿ. ವಂಚಕರು ತಮ್ಮ ನಂಬರುಗಳನ್ನು ಅಲ್ಲಿ ತೂರಿಸಿರುತ್ತಾರೆ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ಪಿನ್ ಒತ್ತಿ ಎಂದರೆ ಕರೆ ಕಡಿದು, ಹಣ ಹೋಗಿದ್ದರೆ ತಕ್ಷಣ 1930ಕ್ಕೆ ತಿಳಿಸಿ.

ಕಂಪನಿ ಜಗ್ಗದಿದ್ದರೆ ಅದರ ಜಾಲತಾಣದಲ್ಲಿ ಹೆಸರಿಸಿರುವ ದೂರು ಅಧಿಕಾರಿಗೆ ಬರೆಯಿರಿ. ಅವರು 48 ಗಂಟೆಯೊಳಗೆ ದೂರು ಬಂದಿದೆ ಎಂದು ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಜೊತೆಗೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಇದೆ. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದ ಗಡುವಿದೆ. ಅರ್ಜಿಗೆ ಬಿಲ್, ತಳದ ಸೀರಿಯಲ್ ಸಂಖ್ಯೆ, ಪಿಕಪ್ ಚೀಟಿಯ ಫೋಟೊ ಮತ್ತು ಕಂಪನಿಯೊಂದಿಗಿನ ಬರಹದ ಮಾತುಕತೆಯನ್ನು ದಿನಾಂಕದ ಕ್ರಮದಲ್ಲಿ ಲಗತ್ತಿಸಿ.